ಇಸ್ಲಾಂನ ಐದು ಸ್ತಂಭಗಳು: 7ನೇ ತರಗತಿ ಕ್ವಿಜ್, ಕಲಬುರಗಿ

10 ಪ್ರಶ್ನೆ, 10 ಅಂಕ, 15 ನಿಮಿಷ. ಸರಿ ಉತ್ತರಕ್ಕೆ ಗೋಲ ಹಾಕಿ. ಪಕ್ಕದವರ ಹಾಳೆ ನೋಡಬೇಡಿ, ಅವರೂ ತಪ್ಪು ಬರೆದಿರಬಹುದು!

1. ಮೊದಲ ಸ್ತಂಭ ಯಾವುದು?
ಅ) ಹಜ್ ಆ) ಶಹಾದಾ ಇ) ಜಕಾತ್

2. ದಿನಕ್ಕೆ ಎಷ್ಟು ಹೊತ್ತಿನ ನಮಾಜ್ ಕಡ್ಡಾಯ?
ಅ) 3 ಆ) 5 ಇ) 7

3. ನಸುಕಿನ ನಮಾಜ್?
ಅ) ಫಜ್ರ್ ಆ) ಅಸರ್ ಇ) ಇಶಾ

4. ನಮಾಜ್ ಮಾಡುವವರು ಮೆಕ್ಕಾದ ಕಾಬಾ ಕಡೆ ಮುಖ ಮಾಡುತ್ತಾರೆ. ನಮ್ಮ ಕೋಟೆಯ ಜಾಮಿಯಾ ಮಸೀದಿಯಿಂದ ಅದು ಯಾವ ದಿಕ್ಕು?
ಅ) ಪೂರ್ವ ಆ) ದಕ್ಷಿಣ ಇ) ಪಶ್ಚಿಮ

5. ರಂಜಾನ್ ಸಂಜೆ. ಗೆಳೆಯನ ಮನೆಯ ತಟ್ಟೆಯಲ್ಲಿ ಖರ್ಜೂರ, ಕಲ್ಲಂಗಡಿ ಹೋಳು ಇವೆ. ಯಾರೂ ಮುಟ್ಟಿಲ್ಲ. ಯಾವುದಕ್ಕೆ ಕಾಯುತ್ತಿದ್ದಾರೆ?
ಅ) ಸೂರ್ಯ ಮುಳುಗಲು ಆ) ನಡುರಾತ್ರಿಗೆ ಇ) ಚಹಾ ಕುದಿಯಲು

6. ರೋಜಾ ಶುರುವಾಗುವ ಮುಂಚಿನ ಊಟ?
ಅ) ಇಫ್ತಾರ್ ಆ) ಸಹರಿ ಇ) ವಲೀಮಾ

7. ರೋಜಾದಿಂದ ಯಾರಿಗೆ ವಿನಾಯಿತಿ?
ಅ) ಕಾಯಿಲೆಯವರಿಗೆ ಆ) ಶ್ರೀಮಂತರಿಗೆ ಇ) ವ್ಯಾಪಾರಿಗಳಿಗೆ

8. ಇದು ಸ್ವಲ್ಪ ಗಣಿತ, ಹೆದರಬೇಡಿ. ಒಬ್ಬ ಬಟ್ಟೆ ವ್ಯಾಪಾರಿಯ ಬಳಿ ಜಕಾತ್ ಲೆಕ್ಕಕ್ಕೆ ಬರುವ ಉಳಿತಾಯ 4,00,000 ರೂಪಾಯಿ. ನೂರಕ್ಕೆ ಎರಡೂವರೆಯಂತೆ ಎಷ್ಟು ಕೊಡಬೇಕು?
ಅ) 1,000 ಆ) 4,000 ಇ) 10,000

9. ಶಕ್ತಿ ಇದ್ದವರಿಗೆ ಹಜ್ ಜೀವನದಲ್ಲಿ ಎಷ್ಟು ಸಲ ಕಡ್ಡಾಯ?
ಅ) ಒಮ್ಮೆ ಆ) ಮೂರು ಸಲ ಇ) ಪ್ರತಿ ವರ್ಷ

10. ತವಾಫ್‌ನಲ್ಲಿ ಕಾಬಾಕ್ಕೆ ಎಷ್ಟು ಸುತ್ತು?
ಅ) 3 ಆ) 5 ಇ) 7

ಉತ್ತರ (ಮುಗಿದ ಮೇಲೇ ನೋಡಿ): 1ಆ, 2ಆ, 3ಅ, 4ಇ, 5ಅ, 6ಆ, 7ಅ, 8ಇ, 9ಅ, 10ಇ