ವಿಷಯ: ಗುರುತಿನ ಚೀಟಿಯ ಫೋಟೊ ಕುಗ್ಗಿಸಲು ಹೊಸ ಸ್ಕ್ರಿಪ್ಟ್

ಸಹೋದ್ಯೋಗಿಗಳೇ, ನಮಸ್ಕಾರ.

ಹೋದ ವರ್ಷ ಮಕ್ಕಳ ಫೋಟೊಗಳನ್ನು ಒಂದೊಂದಾಗಿ ಕತ್ತರಿಸುತ್ತ ಎರಡು ಶನಿವಾರ ಕಳೆದೆವು. ಈ ಸಲ ಅದಕ್ಕೊಂದು ಸ್ಕ್ರಿಪ್ಟ್ ಬರೆದಿದ್ದೇನೆ.

ಕಚೇರಿಯ ಕಂಪ್ಯೂಟರಿನ `photo` ಫೋಲ್ಡರಿಗೆ ನಿಮ್ಮ ತರಗತಿಯ ಚಿತ್ರಗಳನ್ನು ಹಾಕಿ, `resize.bat` ಮೇಲೆ ಎರಡು ಬಾರಿ ಕ್ಲಿಕ್ ಮಾಡಿ. ಪ್ರತಿ ಚಿತ್ರವೂ 300x400 ಪಿಕ್ಸೆಲ್‌ಗೆ ಇಳಿದು `ready` ಫೋಲ್ಡರಿಗೆ ಬರುತ್ತದೆ. ಮೂಲ ಚಿತ್ರ ಹಾಗೆಯೇ ಇರುತ್ತದೆ.

ಫೈಲಿಗೆ ತರಗತಿ, ಕ್ರಮಸಂಖ್ಯೆಯ ಹೆಸರಿಡಿ: `8B-17.jpg`.

ಒಂದು ಮಾತು: ಸ್ಕ್ರಿಪ್ಟ್ ಅಂಚುಗಳನ್ನು ಕತ್ತರಿಸುತ್ತದೆ, ಮುಖ ಎಲ್ಲಿದೆಯೆಂದು ಅದಕ್ಕೆ ತಿಳಿಯದು. ಪರೀಕ್ಷಿಸಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಒಂದು ಕಿವಿಯೂ ಅರ್ಧ ಜಡೆಯೂ ಮಾಯವಾದವು! ಮಗು ಚಿತ್ರದ ನಡುವೆಯೇ ಇರಲಿ.

ಶನಿವಾರ ಮಂಡ್ಯದ ಮುದ್ರಣಾಲಯಕ್ಕೆ ಕೊಡಬೇಕು, ಶುಕ್ರವಾರ ಸಂಜೆಯೊಳಗೆ ಮುಗಿಸಿ. ತೊಡಕಾದರೆ ಮೂರನೆಯ ಪಿರಿಯಡ್‌ನಲ್ಲಿ ನಾನು ಬಿಡುವಾಗಿರುತ್ತೇನೆ.

ಇಂತಿ,
ಗಣಿತ ಶಿಕ್ಷಕಿ, ಪ್ರೌಢಶಾಲಾ ವಿಭಾಗ