ಬಲ ಮಂಡಿ ನೋವಿನ ಡೈರಿ

ಡಾಕ್ಟ್ರೇ, ನೀವು ಹೇಳಿದ ಹಾಗೆ ಎರಡು ವಾರ ಬರೆದಿಟ್ಟಿದ್ದೇನೆ. ನೋವಿಗೆ 0ರಿಂದ 10ರವರೆಗೆ ಅಂಕ ಹಾಕಿದ್ದೇನೆ. 0 ಅಂದರೆ ನೋವೇ ಇಲ್ಲ, 10 ಅಂದರೆ ತಡೆಯಲು ಸಾಧ್ಯವೇ ಇಲ್ಲ. ನೋವು ಬರುವುದು ಮಂಡಿಯ ಮುಂದೆ, ಚಿಪ್ಪಿನ ಸುತ್ತ ಮತ್ತು ಚಿಪ್ಪಿನ ಹಿಂದೆ. ಒಂದು ಬೆರಳಿಟ್ಟು ಇಲ್ಲೇ ಅಂತ ತೋರಿಸೋಕೆ ಆಗುವುದಿಲ್ಲ, ಅಂಗೈ ಇಟ್ಟೇ ತೋರಿಸಬೇಕು. ಬಿದ್ದು ಪೆಟ್ಟಾದ ನೆನಪಿಲ್ಲ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೆಲಸ. ಮಾತ್ರೆ ತಗೊಂಡಾಗ ಹೊತ್ತು ಬರೆದಿದ್ದೇನೆ, ಯಾಕಂದ್ರೆ ಆಮೇಲೆ ಅಂಕ ಇಳಿದಿದ್ದರೆ ಅದು ಮಾತ್ರೆಯಿಂದಲೇ ಇರಬಹುದು.

ದಿನ 1, ಸೋಮವಾರ
ಬೆಳಿಗ್ಗೆ 1, ಸಂಜೆ 4. ಮಧ್ಯಾಹ್ನ ಮೂರು ಗಂಟೆ ಮೀಟಿಂಗ್, ಒಮ್ಮೆಯೂ ಏಳಲಿಲ್ಲ. ಎದ್ದಾಗ ಮಂಡಿ ಹಿಡಿದುಕೊಂಡಿತ್ತು, ನಾಲ್ಕೈದು ಹೆಜ್ಜೆ ಕುಂಟಿದ ಮೇಲೆ ಸಡಿಲವಾಯಿತು. ಸಂಜೆ ಮನೆಯ ಮೆಟ್ಟಿಲು ಇಳಿಯುವಾಗ ಚುಚ್ಚಿತು. ಹತ್ತುವಾಗ ಅಷ್ಟಿಲ್ಲ.

ದಿನ 2, ಮಂಗಳವಾರ
ಬೆಳಿಗ್ಗೆ ಸಮತಟ್ಟಾದ ರಸ್ತೆಯಲ್ಲಿ 40 ನಿಮಿಷ ನಡೆದೆ. ನಡೆಯುವಾಗ 0, ಮುಗಿಸಿದ ಮೇಲೂ 0. ಸಂಜೆ ಕೆಲಸ ಮುಗಿಯುವ ಹೊತ್ತಿಗೆ 3.

ದಿನ 3, ಬುಧವಾರ
ಆಫೀಸಿನ ಲಿಫ್ಟ್ ಕೆಟ್ಟಿದೆ. ನಾಲ್ಕನೇ ಮಹಡಿಗೆ ಎರಡು ಸಲ ಹತ್ತಿ ಎರಡು ಸಲ ಇಳಿದೆ. ಹತ್ತುವಾಗ 2 ಅಥವಾ 3. ಇಳಿಯುವಾಗ, ಎಡಗಾಲು ಕೆಳಗಿನ ಮೆಟ್ಟಿಲಿಗೆ ಹೋಗುತ್ತಾ ಮೈಭಾರವೆಲ್ಲ ಬಲಗಾಲಿನ ಮೇಲೆ ಇರುತ್ತದಲ್ಲ, ಆ ಕ್ಷಣದಲ್ಲಿ 6. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿದೆ. ರಾತ್ರಿ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಟ್ಟೆ, 4ಕ್ಕೆ ಬಂತು. ಎರಡೂ ಮಂಡಿ ಪಕ್ಕ ಪಕ್ಕ ಇಟ್ಟು ನೋಡಿದೆ, ಬಾವು ಇಲ್ಲ, ಕೆಂಪಾಗಿಲ್ಲ, ಬಿಸಿಯೂ ಇಲ್ಲ.

ದಿನ 4, ಗುರುವಾರ
ಎದ್ದಾಗಲೇ 4. ಸಾಮಾನ್ಯವಾಗಿ ಬೆಳಿಗ್ಗೆ ಮಂಡಿ ಹಗುರ ಇರುತ್ತದೆ, ಇವತ್ತು ಹಾಗಿಲ್ಲ. ಲಿಫ್ಟ್ ಇನ್ನೂ ಸರಿಯಾಗಿಲ್ಲ. ಸಂಜೆ ಮತ್ತೆ 6. ರಾತ್ರಿ 9:30ಕ್ಕೆ ಪ್ಯಾರಸಿಟಮಾಲ್ 500 ಮಿ.ಗ್ರಾಂ ಒಂದು ಮಾತ್ರೆ. ನಿದ್ದೆ ಬಂತು, ನೋವಿಂದ ಎಚ್ಚರ ಆಗಲಿಲ್ಲ.

ದಿನ 5, ಶುಕ್ರವಾರ
ಲಿಫ್ಟ್ ಸರಿಯಾಯಿತು. ಆದರೂ ದಿನವಿಡೀ 3-4.

ದಿನ 6, ಶನಿವಾರ
ದಿನವಿಡೀ ಮಳೆ, ಥಂಡಿ. ಮಳೆಗೆ ಮಂಡಿ ನೋವು ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೇ ಗಮನ ಇಟ್ಟು ನೋಡಿದೆ. ಹೆಚ್ಚಿನ ಹೊತ್ತು ಕಾಲು ಚಾಚಿ ಮಲಗಿದ್ದೆ. ನೋವು 1.

ದಿನ 7, ಭಾನುವಾರ
ಕಪಾಟಿನ ಕೆಳಗಿನ ಅರೆಗಳನ್ನು ಖಾಲಿ ಮಾಡಿ ಒರೆಸಿದೆ. ಸುಮಾರು ಒಂದು ಗಂಟೆ ಕುಕ್ಕರಗಾಲಿನಲ್ಲಿ ಕೂತು ಎದ್ದು ಮಾಡಿದ್ದು. ಕೆಲಸ ಮಾಡುವಾಗ 3 ಅಷ್ಟೇ, ಹಾಗಾಗಿ ಮುಂದುವರಿಸಿದೆ. ರಾತ್ರಿ ಊಟ ಆದ ಮೇಲೆ 6. ಕೂತಿದ್ದರೂ ಒಳಗೆ ಮಂದವಾಗಿ ನೋಯುತ್ತಿತ್ತು, ಕಾಲು ಮಡಚಿದರೆ ಚಿಪ್ಪಿನ ಹಿಂದೆ ಯಾರೋ ಒತ್ತಿದ ಹಾಗೆ. ಐಸ್ ಇಟ್ಟೆ. ಮಾತ್ರೆ ತಗೊಂಡಿಲ್ಲ.

ದಿನ 8, ಸೋಮವಾರ
ಎದ್ದಾಗ 5. ಬಿಗಿತ ಹತ್ತು ನಿಮಿಷದಲ್ಲಿ ಹೋಯಿತು, ನೋವು ಹೋಗಲಿಲ್ಲ. ಇದು ನನಗೆ ಮುಖ್ಯ ಅನಿಸುತ್ತಿದೆ. ಗುರುವಾರವೂ ಹೀಗೇ ಆಗಿತ್ತು, ಹಿಂದಿನ ದಿನ ಮಾಡಿದ್ದು ಮಾರನೇ ದಿನ ಬೆಳಿಗ್ಗೆ ತೋರುತ್ತದೆ. ಹಾಗಾದ್ರೆ ನೋವು ಬಂದ ದಿನ ಏನು ಮಾಡಿದೆ ಅಂತ ಮಾತ್ರ ನೋಡಿದರೆ ಕಾರಣ ಸಿಗಲ್ಲ, ಅಲ್ವಾ? ಇವತ್ತು ಮನೆಯಿಂದಲೇ ಕೆಲಸ, ಬಲಗಾಲನ್ನು ಸ್ಟೂಲ್ ಮೇಲೆ ಚಾಚಿ ಕೂತೆ. ಸಂಜೆಗೆ 2.

ದಿನ 9, ಮಂಗಳವಾರ
ಆಫೀಸ್. ಅರ್ಧ ಗಂಟೆಗೊಮ್ಮೆ ಫೋನಿನಲ್ಲಿ ಅಲಾರಂ, ಎದ್ದು ಒಂದು ನಿಮಿಷ ಓಡಾಡಿ ಮತ್ತೆ ಕೂತೆ. ಬೆಳಿಗ್ಗೆ 2, ಸಂಜೆಯೂ 2.

ದಿನ 10, ಬುಧವಾರ
ತುರ್ತು ಕೆಲಸ ಬಂತು, ಅಲಾರಂ ಬಂದ್ ಮಾಡಿಟ್ಟು ಹನ್ನೊಂದರಿಂದ ಎರಡೂವರೆವರೆಗೆ ಅಲುಗಾಡದೆ ಕೂತೆ. ಎದ್ದಾಗ 5. ನಿನ್ನೆಯ ಕುರ್ಚಿಯೇ, ನಿನ್ನೆಯ ಮೇಜೇ, ಮೆಟ್ಟಿಲೂ ಇಲ್ಲ. ಮಧ್ಯಾಹ್ನದ ಮೇಲೆ ಕಾಲು ಎಲ್ಲಿದೆ ಅಂತ ಆಗಾಗ ಬಗ್ಗಿ ನೋಡಿದೆ. ಪ್ರತಿ ಸಲವೂ ಬಲಗಾಲು ಕುರ್ಚಿಯ ಕೆಳಗೆ ಹಿಂದಕ್ಕೆ ಹೋಗಿ, ಪಾದ ಕುರ್ಚಿಯ ಚಕ್ರಕ್ಕೆ ಒರಗಿತ್ತು, ಅಂದರೆ ಮಂಡಿ ಪೂರ್ತಿ ಮಡಚಿತ್ತು. ಎಡಗಾಲು ಮುಂದಕ್ಕೆ ಇತ್ತು. ಯಾವಾಗಿನಿಂದ ಹೀಗೆ ಕೂರುತ್ತೇನೋ ಗೊತ್ತಿಲ್ಲ. ನೋವಿರುವುದು ಬಲಕ್ಕೆ ಮಾತ್ರ ಆದ್ದರಿಂದ ದಯವಿಟ್ಟು ಇದನ್ನು ಗಮನಿಸಿ.

ದಿನ 11, ಗುರುವಾರ
ಬೆಳಿಗ್ಗೆ 3. ಹಳೇ ಶೂ ಹಾಕಿ ಸಮತಟ್ಟಾದ ರಸ್ತೆಯಲ್ಲಿ 40 ನಿಮಿಷ ನಡೆದೆ (ಕಳೆದ ವಾರ, ದಿನ 2ರಂದು ಹೊಸದು ಹಾಕಿದ್ದೆ). ನಡೆದ ಮೇಲೆ 1. ಶೂನಿಂದ ವ್ಯತ್ಯಾಸ ಕಾಣಲಿಲ್ಲ, ನಡೆದರೆ ಹಗುರ ಆಗುವುದಂತೂ ನಿಜ. ಸಂಜೆ 2.

ದಿನ 12, ಶುಕ್ರವಾರ
ನಾಲ್ಕು ಗಂಟೆ ಕಾರಿನ ಹಿಂದಿನ ಸೀಟಲ್ಲಿ ಪ್ರಯಾಣ, ಕಾಲು ಚಾಚಲು ಜಾಗವೇ ಇರಲಿಲ್ಲ. ಒಂದು ಗಂಟೆ ಆಗುವಷ್ಟರಲ್ಲಿ ಶುರುವಾಗಿ 5ಕ್ಕೆ ಹೋಯಿತು. ದಾರಿಯಲ್ಲಿ ನಿಲ್ಲಿಸಿ ಸ್ವಲ್ಪ ಓಡಾಡಿದಾಗ 2ಕ್ಕೆ ಇಳಿಯಿತು, ಮತ್ತೆ ಕೂತಾಗ ಮತ್ತೆ ಬಂತು. ರಾತ್ರಿ 10ಕ್ಕೆ ಪ್ಯಾರಸಿಟಮಾಲ್ 500 ಮಿ.ಗ್ರಾಂ.

ದಿನ 13, ಶನಿವಾರ
ಬೆಳಿಗ್ಗೆ 2, ಆದರೆ ರಾತ್ರಿ ಮಾತ್ರೆ ತಗೊಂಡಿದ್ದೆ. ಸಂಜೆ ಏರು ರಸ್ತೆಯಲ್ಲಿ ನಡೆದೆ. ಹೋಗುವಾಗ ಏರು, 1. ಅದೇ ರಸ್ತೆಯಲ್ಲಿ ವಾಪಸ್ ಇಳಿಯುವಾಗ 4. ಮೆಟ್ಟಿಲಿನ ಕಥೆಯೇ.

ದಿನ 14, ಭಾನುವಾರ
ಇಡೀ ದಿನ 2. ನೀವು ನೋಡಿಕೊಳ್ಳಿ ಅಂದಿದ್ದ ವಿಷಯಗಳು: ಮಂಡಿ ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ನೆಟ್ಟಗೆ ಮಾಡಲಾಗದ ಹಾಗೆ ಒಮ್ಮೆಯೂ ಆಗಿಲ್ಲ. ನಡೆಯುವಾಗ ಕುಸಿದ ಹಾಗೆ ಆಗಿಲ್ಲ. ಬಾವು ಇಲ್ಲ, ಜ್ವರ ಇಲ್ಲ, ಬೇರೆ ಕೀಲುಗಳಲ್ಲಿ ನೋವಿಲ್ಲ. ಕೂತು ಏಳುವಾಗ ಕಟ ಕಟ ಸದ್ದು ಬರುತ್ತದೆ, ಆದರೆ ಸದ್ದಿನ ಜೊತೆ ನೋವು ಬರುವುದಿಲ್ಲ, ಎಡಗಡೆಯೂ ಅದೇ ಸದ್ದು ಇದೆ.

ನಾಳೆ ನಿಮ್ಮ ಹತ್ತಿರ ಕೇಳಬೇಕಾದ್ದನ್ನೂ ಇಲ್ಲೇ ಬರೆದಿಡುತ್ತೇನೆ, ಎದುರಿಗೆ ಕೂತಾಗ ಮರೆತುಹೋಗುತ್ತದೆ. ಮಡಚಿ ಕೂತರೆ ನೋವು, ಇಳಿದರೆ ನೋವು, ಸಮತಟ್ಟಾದ ಕಡೆ ನಡೆದರೆ ಇಲ್ಲ, ಇದು ಚಿಪ್ಪಿನ ಹಿಂದಿನ ಒತ್ತಡದ ಲಕ್ಷಣವೇ? ತೊಡೆಯ ಸ್ನಾಯು ಬಲವಿಲ್ಲದೆ ಹೀಗಾಗುತ್ತಿದ್ದರೆ ಯಾವ ವ್ಯಾಯಾಮ, ಎಷ್ಟು ನೋವಿದ್ದರೆ ಅದನ್ನು ನಿಲ್ಲಿಸಬೇಕು? ಎಕ್ಸ್-ರೇ ಈಗಲೇ ಬೇಕಾ? ಮನೆಯವರು ಮಂಡಿಗೆ ಪೂರ್ತಿ ವಿಶ್ರಾಂತಿ ಕೊಡು ಅನ್ನುತ್ತಿದ್ದಾರೆ, ನನಗೆ ಬೆಳಗಿನ ನಡಿಗೆ ಬಿಡೋಕೆ ಇಷ್ಟವಿಲ್ಲ, ಮುಂದುವರಿಸಬಹುದಾ?