ವಿಷಯ: ಸ್ಕೂಟರ್ ಬ್ಯಾಟರಿಯ ವಾರಂಟಿ ದೂರು, 120 ಕಿ.ಮೀ. ಎಂದಿದ್ದ ಗಾಡಿ 56ಕ್ಕೆ ನಿಲ್ಲುತ್ತಿದೆ

ದಿನಾಂಕ: 7 ಫೆಬ್ರವರಿ 2026, ಕಲಬುರಗಿ

ಸರ್ವಿಸ್ ಮ್ಯಾನೇಜರ್ ಅವರಿಗೆ ನಮಸ್ಕಾರ.

14 ಅಕ್ಟೋಬರ್ 2024ರಂದು ನಿಮ್ಮ ಶೋರೂಮಿನಲ್ಲಿ ತಗೊಂಡ 2.9 ಕಿಲೋವ್ಯಾಟ್ ಅವರ್ ಬ್ಯಾಟರಿಯ ಸ್ಕೂಟರ್ ಇದು. ಇಲ್ಲಿಯವರೆಗೆ 9,640 ಕಿ.ಮೀ. ಓಡಿದೆ. ಜಾಹೀರಾತಿನ 120 ಕಿ.ಮೀ. ಪರೀಕ್ಷೆಯ ಲೆಕ್ಕ ಅಂತ ನನಗೂ ಗೊತ್ತು, ರಸ್ತೆಯಲ್ಲಿ ಅಷ್ಟು ಬರಲ್ಲ. ಮೊದಲ ವರ್ಷ 80ರ ಹತ್ತಿರ ಬರುತ್ತಿತ್ತು, ನಾನು ಸುಮ್ನಿದ್ದೆ.

ಈಗಿನ ಕಥೆ ಬೇರೆ. ಜನವರಿ 12ರಂದು 100ರಿಂದ 18 ಪರ್ಸೆಂಟಿಗೆ ಇಳಿಯುವಷ್ಟರಲ್ಲಿ ಓಡಿದ್ದು 46 ಕಿ.ಮೀ. 17ರಂದು 100ರಿಂದ 32ಕ್ಕೆ, 38 ಕಿ.ಮೀ. 24ರಂದು ಫರಹತಾಬಾದ್ ಕಡೆ ಹೋಗಿ ಬಂದೆ, 100ರಿಂದ 27ಕ್ಕೆ, 41 ಕಿ.ಮೀ. ಯಾವುದನ್ನು ಹಿಡಿದು ಲೆಕ್ಕ ಹಾಕಿದರೂ ಫುಲ್ ಚಾರ್ಜಿಗೆ 56 ಕಿ.ಮೀ. ಮೂರು ಸಲವೂ ಇಕೋ ಮೋಡ್, ನಾನೊಬ್ಬನೇ, ಟೈರ್ ಗಾಳಿ ಹಿಂದಿನ ದಿನವೇ ನೋಡಿಸಿದ್ದು. ನಮ್ಮೂರಲ್ಲಿ ಏರು ರಸ್ತೆಯೂ ಅಷ್ಟಿಲ್ಲ. ಬಿಸಿಲಿನ ಮೇಲೆ ಹಾಕೋಣ ಅಂದರೆ ಇದು ಜನವರಿ, ಮೇ ಅಲ್ಲ.

30ನೇ ತಾರೀಖು ಜೇವರ್ಗಿ ರಸ್ತೆಯಲ್ಲಿ 31 ಪರ್ಸೆಂಟ್ ತೋರಿಸುತ್ತಿದ್ದದ್ದು ಮೂರೇ ಕಿಲೋಮೀಟರಿನಲ್ಲಿ 9ಕ್ಕೆ ಬಿತ್ತು. ಗಾಡಿ ತೆವಳತೊಡಗಿತು. ರಾಮ ಮಂದಿರ ಸರ್ಕಲ್‌ನಿಂದ ಮನೆತನಕ ತಳ್ಳಿಕೊಂಡೇ ಬಂದೆ.

ಫೆಬ್ರವರಿ 2ರಂದು ಗಾಡಿ ನಿಮ್ಮಲ್ಲಿ ಬಿಟ್ಟೆ. 4ರಂದು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ‘ಬ್ಯಾಟರಿ ಸರಿ ಇದೆ, ಓಡಿಸೋ ರೀತಿ ನೋಡಿಕೊಳ್ಳಿ’ ಅಂತ ಜಾಬ್ ಕಾರ್ಡಿನಲ್ಲಿ ಬರೆದು ಕೊಟ್ಟಿರಿ. ಯಾವ ಟೆಸ್ಟ್ ಮಾಡಿ ಹಾಗೆ ಬರೆದಿರಿ ಅಂತ ಅದರಲ್ಲಿಲ್ಲ.

ಓಡಿಸೋ ರೀತಿಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ಜನವರಿ 12ರ ರಾತ್ರಿ ಚಾರ್ಜರಿಗೆ ಸಣ್ಣ ಯೂನಿಟ್ ಮೀಟರ್ ಹಾಕಿದ್ದೆ. 18ರಿಂದ 100ಕ್ಕೆ ತುಂಬಲು ಎಳೆದದ್ದು ಬರೀ 1.9 ಯೂನಿಟ್. ಚಾರ್ಜರಿನ ನಷ್ಟ ಶೇ. 10 ಕಳೆದರೆ ಒಳಗೆ ಹೋದದ್ದು ಸುಮಾರು 1.7. ಬ್ಯಾಟರಿ ಗಟ್ಟಿಯಾಗಿದ್ದರೆ 2.9ರಲ್ಲಿ ಶೇ. 82, ಅಂದರೆ ಸುಮಾರು 2.4 ಹೋಗಬೇಕಿತ್ತು. ಅಂದರೆ ಉಳಿದಿರುವ ಸಾಮರ್ಥ್ಯ ಶೇ. 71ರ ಆಸುಪಾಸು. ನಾನು ಜೋರಾಗಿ ಓಡಿಸಿದರೆ ಚಾರ್ಜ್ ಬೇಗ ಖಾಲಿಯಾಗಬಹುದು, ಆದರೆ ತುಂಬುವಾಗ ಕಡಿಮೆ ಕರೆಂಟ್ ಯಾಕೆ ಹಿಡಿಸುತ್ತದೆ? ಕಿಲೋಮೀಟರಿಗೆ ಖರ್ಚಾದದ್ದೂ 37 ವ್ಯಾಟ್ ಅವರ್ ಅಷ್ಟೇ, ಅದೇನು ಜಾಸ್ತಿಯಲ್ಲ. ನನ್ನ ಮನೆ ಮೀಟರ್ ಲ್ಯಾಬಿನದಲ್ಲ, ಒಪ್ಪುತ್ತೇನೆ. ಅದಕ್ಕೇ ಟೆಸ್ಟ್ ಕೇಳುತ್ತಿರುವುದು.

ನೀವು ಕೊಟ್ಟ ವಾರಂಟಿ ಪುಸ್ತಕದಲ್ಲಿ 3 ವರ್ಷ ಅಥವಾ 40,000 ಕಿ.ಮೀ. ಒಳಗೆ ಸಾಮರ್ಥ್ಯ ಶೇ. 80ಕ್ಕಿಂತ ಇಳಿದರೆ ರಿಪೇರಿ ಇಲ್ಲವೇ ಬದಲಾವಣೆ ಅಂತಿದೆ. ಆದ್ದರಿಂದ ನನ್ನೆದುರಿಗೇ ಫುಲ್ ಚಾರ್ಜ್ ಮಾಡಿ, ಪೂರ್ತಿ ಡಿಸ್ಚಾರ್ಜ್ ಟೆಸ್ಟ್ ಮಾಡಿಸಿ. ಬಿಎಂಎಸ್ ರಿಪೋರ್ಟ್, ಪ್ರತಿ ಸೆಲ್ಲಿನ ವೋಲ್ಟೇಜ್ ಸಮೇತ, ಬರಹದಲ್ಲಿ ಕೊಡಿ. 31ರಿಂದ 9ಕ್ಕೆ ಬಿದ್ದದ್ದು ನೋಡಿದರೆ ಯಾವುದೋ ಸೆಲ್ ಸೋತಿರಬೇಕು ಅನ್ನೋದು ನನ್ನ ಅನುಮಾನ. 80ಕ್ಕಿಂತ ಕಡಿಮೆ ಬಂದರೆ ಬ್ಯಾಟರಿ ಬದಲಿಸಿ ಕೊಡಿ. ಅಲ್ಲಿಯವರೆಗೆ ಓಡಾಡಲು ಬೇರೆ ಗಾಡಿ ಕೊಟ್ಟರೆ ಉಪಕಾರ.

15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ, ಆಮೇಲೆ ಇಲ್ಲಿನ ಜಿಲ್ಲಾ ಗ್ರಾಹಕರ ಆಯೋಗ.

ಬಿಲ್, ಜಾಬ್ ಕಾರ್ಡ್, ಮೂರು ದಿನದ ಆ್ಯಪ್ ಸ್ಕ್ರೀನ್‌ಶಾಟ್, ಮೀಟರ್ ಫೋಟೋ ಜೊತೆಗಿಟ್ಟಿದ್ದೇನೆ. ಕಂಪನಿಯ ಗ್ರಾಹಕ ವಿಭಾಗಕ್ಕೂ ಇದೇ ಪ್ರತಿ ಕಳಿಸಿದ್ದೇನೆ.

ಇಂತಿ,
ಸ್ಕೂಟರ್ ಮಾಲೀಕ
ಜೇವರ್ಗಿ ರಸ್ತೆ, ಕಲಬುರಗಿ